ಬಡ್ಡಿ ಏರಿತು, ಕಂತು ಏರಲಿಲ್ಲ: ಹಾಗಾದ್ರೆ ಏರಿದ್ದೇನು?

ಗಂಗಾವತಿಯ ನಮ್ಮ ಓಣಿಯ ಮೇಷ್ಟ್ರೊಬ್ಬರು ಮನೆ ಸಾಲದ ಬಡ್ಡಿ ಏರಿದ ಮೇಲೂ ಖುಷಿಯಾಗಿದ್ದರು. ‘ಕಂತು ಅಷ್ಟೇ ಇದೆ ನೋಡ್ರಿ’ ಅಂದರು. ಏರಿದ್ದು ಕಂತಲ್ಲ, ಅವಧಿ. ಬಡ್ಡಿ ಹೆಚ್ಚಾದಾಗ ಎಷ್ಟೋ ಬ್ಯಾಂಕುಗಳು ಕಂತು ಮುಟ್ಟದೆ ತಿಂಗಳುಗಳನ್ನು ಸೇರಿಸಿಬಿಡುತ್ತವೆ.

ಮೊದಲು ಸಾಲದ ಸ್ಟೇಟ್‌ಮೆಂಟ್ ತೆಗೆಸಿ. ಬಾಕಿ ಅಸಲು, ಈಗಿನ ಬಡ್ಡಿ ದರ, ಉಳಿದ ಕಂತುಗಳ ಸಂಖ್ಯೆ, ಈ ಮೂರನ್ನೂ ಬರೆದುಕೊಳ್ಳಿ.

ಇನ್ನು ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ಮೊಬೈಲ್ ಕ್ಯಾಲ್ಕುಲೇಟರಿಗೆ ಮೊದಲು ಪಡೆದ ಸಾಲದ ಮೊತ್ತ ಹಾಕುತ್ತಾರೆ. ಹಾಕಬೇಕಾದದ್ದು ಬಾಕಿ ಅಸಲು. ಮೇಷ್ಟ್ರ ಸಾಲ 20 ಲಕ್ಷ, ಬಡ್ಡಿ ಶೇ 7, ಅವಧಿ 20 ವರ್ಷ, ಕಂತು 15,506 ರೂಪಾಯಿ. 24 ಕಂತು ಕಟ್ಟಿದ ಮೇಲೆ ಬಾಕಿ 19,01,401 ರೂಪಾಯಿ, ಉಳಿದದ್ದು 216 ಕಂತು. ಬಡ್ಡಿ ಒಂದೇ ಸಲ ಶೇ 9ಕ್ಕೆ ಏರಿತು. ಆಗ ತಿಂಗಳ ಬಡ್ಡಿಯೇ 14,260 ರೂಪಾಯಿ. ಕಂತಿನಲ್ಲಿ ಅಸಲಿಗೆ ಹೋಗುವುದು ಬರೀ 1,246. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=NPER(9%/12,-15506,1901401)
```

ಉತ್ತರ 338ರ ಹತ್ತಿರ. ಅಂದರೆ ಹತ್ತು ವರ್ಷ ಜಾಸ್ತಿ! ಶೇ 10 ಆಗಿದ್ದರೆ ಬಡ್ಡಿಗೇ ಕಂತು ಸಾಲುತ್ತಿರಲಿಲ್ಲ, ಅಸಲೇ ಬೆಳೆಯುತ್ತಿತ್ತು. ಅವಧಿ ಎಳೆದು ಹಾಗಾಗಲು ಬಿಡಬಾರದು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ ಸುತ್ತೋಲೆಯಲ್ಲಿ ಹೇಳಿದೆ. ಕಂತು ಏರಿಸುವುದೋ, ಅವಧಿ ಎಳೆಯುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಆರಿಸುವ ಹಕ್ಕನ್ನೂ ಅದೇ ಸುತ್ತೋಲೆ ಸಾಲಗಾರನಿಗೆ ಕೊಟ್ಟಿದೆ.

ಹಳೆಯ ಅವಧಿಯೇ ಬೇಕೆಂದರೆ ಕಂತು 17,806 ಆಗಬೇಕು. ಅವಧಿ ಎಳೆದದ್ದಕ್ಕಿಂತ ಒಟ್ಟು ಸುಮಾರು 13.9 ಲಕ್ಷ ಕಡಿಮೆ ಕಟ್ಟುತ್ತೀರಿ. ಕೈಲಾಗದಿದ್ದರೆ ಸಾವಿರವನ್ನಾದರೂ ಏರಿಸಿ. 16,506ಕ್ಕೆ ಕಂತುಗಳು 267ಕ್ಕೆ ಇಳಿಯುತ್ತವೆ. ಒಂದು ಸಾವಿರಕ್ಕೆ 71 ತಿಂಗಳು ಮಾಯ!

ಬ್ಯಾಂಕಿಗೆ ಹೋದಾಗ ಬಾಯಲ್ಲಿ ಹೇಳಿ ಬರಬೇಡಿ. ‘ಕಂತು ಇಷ್ಟಕ್ಕೆ ಏರಿಸಿ, ಅವಧಿ ಇಳಿಸಿ’ ಎಂದು ಅರ್ಜಿ ಬರೆದು, ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಲ್ಲೇ ಟಾಪ್‌ಅಪ್ ಸಾಲವನ್ನೋ ವಿಮೆಯನ್ನೋ ಮುಂದೆ ತಂದಿಟ್ಟರೆ ಸುಮ್ನೆ ಎದ್ದು ಬನ್ನಿ. ದರ ಏರಿ ಕೂತಾಗ ಸ್ಥಿರ ಬಡ್ಡಿಗೆ ಹೋಗುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಸ್ಥಿರ ದರ ಸಾಮಾನ್ಯವಾಗಿ ಇನ್ನೂ ಮೇಲೇ ಇರುತ್ತದೆ, ಬದಲಿಸಲು ಶುಲ್ಕ ಬೇರೆ.

ಭತ್ತ ಮಾರಿದ ದುಡ್ಡು ಕೈಗೆ ಬಂದಾಗ ಒಂದಿಷ್ಟು ಅಸಲಿಗೆ ಹಾಕಿ. ಸ್ವಂತ ಹೆಸರಿನ ಬದಲಾಗುವ ದರದ ಮನೆ ಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಆದರೆ ಆ ದುಡ್ಡಿನಿಂದ ಇಳಿಯಬೇಕಾದದ್ದು ಅವಧಿ, ಕಂತಲ್ಲ ಅಂತ ಅರ್ಜಿಯಲ್ಲಿ ಬರೆಯಿರಿ.

ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಉಳಿದ ಕಂತುಗಳ ಸಂಖ್ಯೆ ನೋಡಿ. ಸಾವಿರ ಏರಿಸಲು ಅರ್ಜಿ ಕೊಟ್ಟ ಮೇಷ್ಟ್ರಿಗೆ ಆಗಲೂ 338 ಅಂತಲೇ ಬಂತು. ಸೀಲ್ ಹಾಕಿದ ಪ್ರತಿ ಹಿಡಿದು ಇನ್ನೊಮ್ಮೆ ಹೋದ ಮೇಲೆಯೇ ಅದು 267 ಆದದ್ದು.