ಬೆಂಜೀನಿನ ನಿರ್ಧಾರಕದಲ್ಲಿ ನಾನು ಮರೆತ ಎರಡು ಮೂಲೆಗಳು

ಎಂ.ಎಸ್ಸಿ. ಓದುತ್ತಿದ್ದಾಗ ಬೆಂಜೀನಿನ ಡೀಲೋಕಲೈಸೇಷನ್ ಶಕ್ತಿಯನ್ನು, ಅಂದರೆ ಇಲೆಕ್ಟ್ರಾನುಗಳು ಇಡೀ ಅಣುವಿನಲ್ಲಿ ಹರಡಿಕೊಳ್ಳುವುದರಿಂದ ಸಿಗುವ ಹೆಚ್ಚಿನ ಸ್ಥಿರತೆಯನ್ನು, ಮೊದಲ ಸಲ ಸ್ವತಃ ಲೆಕ್ಕ ಹಾಕಿದೆ. 2β ಬರಬೇಕಾದಲ್ಲಿ 0.988β ಬಂದಿತು.

ನಾನು ಅನುಸರಿಸಿದ್ದು ಎರಿಕ್ ಹ್ಯೂಕಲ್ 1931ರಲ್ಲಿ ಬೆಂಜೀನಿಗೆ ಬಳಸಿದ ಸರಳ ವಿಧಾನ. ಇದರಲ್ಲಿ ಸಿಗ್ಮಾ ಬಂಧಗಳನ್ನು ಬದಿಗಿಟ್ಟು, ಪ್ರತಿ ಕಾರ್ಬನ್ನಿನಿಂದ ಒಂದೊಂದು p ಕಕ್ಷಕವನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಆ ಕಕ್ಷಕದಲ್ಲಿರುವ ಇಲೆಕ್ಟ್ರಾನಿನ ಶಕ್ತಿ α. ಬಂಧದಿಂದ ಸೇರಿದ ಎರಡು ಕಾರ್ಬನ್ನುಗಳ ನಡುವಿನ ಸಂಬಂಧವನ್ನು ಸೂಚಿಸುವ β ಋಣ ಸಂಖ್ಯೆ. ಉಳಿದ ಜೋಡಿಗಳಿಗೆ ಸೊನ್ನೆ. ಅಣುವಿನ ಶಕ್ತಿಮಟ್ಟವನ್ನು E ಎಂದಿಟ್ಟುಕೊಂಡು x = (α − E)/β ಎಂದು ಬರೆದುಕೊಂಡರೆ, ನಾಲ್ಕು ಕಾರ್ಬನ್ನುಗಳ ಸರಪಳಿಯಾದ ಬ್ಯೂಟಾಡೈಈನಿನ ನಿರ್ಧಾರಕ ಹೀಗಿರುತ್ತದೆ:

```
x 1 0 0
1 x 1 0
0 1 x 1
0 0 1 x
```

ಇದನ್ನು ಬಿಡಿಸಿದರೆ x⁴ − 3x² + 1 = 0 ಸಿಗುತ್ತದೆ. x²ನ್ನು ಒಂದೇ ಚರವೆಂದು ಭಾವಿಸಿದಾಗ ಇದು ಸಾಮಾನ್ಯ ವರ್ಗ ಸಮೀಕರಣವಾಗಿ, x = ±1.618, ±0.618 ಎಂಬ ಬೆಲೆಗಳು ದೊರೆಯುತ್ತವೆ. E = α − xβ ಆದ್ದರಿಂದ ಋಣ x ಇರುವ ಮಟ್ಟಗಳೇ ಕೆಳಗಿನವು; ಇಲ್ಲಿ ಚಿಹ್ನೆ ತಪ್ಪಿದರೆ ಇಲೆಕ್ಟ್ರಾನುಗಳನ್ನು ಮೇಲಿನಿಂದ ತುಂಬಿಸಿಬಿಡುತ್ತೇವೆ. ನಾಲ್ಕು ಇಲೆಕ್ಟ್ರಾನುಗಳನ್ನು ಕೆಳಗಿನ ಎರಡು ಮಟ್ಟಗಳಲ್ಲಿರಿಸಿದಾಗ ಒಟ್ಟು ಶಕ್ತಿ 2(α + 1.618β) + 2(α + 0.618β), ಅಂದರೆ 4α + 4.472β. ದ್ವಿಬಂಧಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದಿದ್ದರೆ ಎರಡು ಎಥಿಲೀನುಗಳ ಶಕ್ತಿಯಾದ 4α + 4β ಇರುತ್ತಿತ್ತು. ಇವೆರಡರ ವ್ಯತ್ಯಾಸವಾದ 0.472β ಬ್ಯೂಟಾಡೈಈನಿನ ಡೀಲೋಕಲೈಸೇಷನ್ ಶಕ್ತಿ.

ಬೆಂಜೀನಿಗೆ ಬಂದಾಗ ನಾನು ಇದೇ ಮಾದರಿಯನ್ನು ಆರು ಸಾಲುಗಳಿಗೆ ಹಿಗ್ಗಿಸಿದೆ. ಒಂದನೆಯ ಮತ್ತು ಆರನೆಯ ಕಾರ್ಬನ್ನುಗಳೂ ನೆರೆಯವೇ ಎಂಬುದನ್ನು ಮರೆತು, ನಿರ್ಧಾರಕದ ಬಲಮೇಲಿನ ಹಾಗೂ ಎಡಕೆಳಗಿನ ಮೂಲೆಗಳಲ್ಲಿ 1ರ ಬದಲು 0 ಬರೆದಿದ್ದೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ಅಣುವೇ ಬೇರೆಯಾಗಿತ್ತು: ನಾನು ಬಿಡಿಸಿದ್ದು ಉಂಗುರವನ್ನಲ್ಲ, ಹೆಕ್ಸಾಟ್ರೈಈನ್ ಸರಪಳಿಯನ್ನು.

ಇದನ್ನು ಹಿಡಿಯಲು ಈಗ ನಾನು ಬಳಸುವ ಪರೀಕ್ಷೆ ಚಿಕ್ಕದು. ಎಲ್ಲ x ಬೆಲೆಗಳ ವರ್ಗಗಳನ್ನು ಕೂಡಿದರೆ ಮೊತ್ತವು ಸಿಗ್ಮಾ ಚೌಕಟ್ಟಿನ ಕಾರ್ಬನ್–ಕಾರ್ಬನ್ ಬಂಧಗಳ ಸಂಖ್ಯೆಯ ಎರಡರಷ್ಟಾಗಬೇಕು. ಬ್ಯೂಟಾಡೈಈನಿಗೆ ಅದು 6. ಬೆಂಜೀನಿಗೆ 12 ಆಗಬೇಕಿತ್ತು, ನನ್ನ ಲೆಕ್ಕದಲ್ಲಿ 10 ಇತ್ತು. ಮೂಲೆಗಳನ್ನು ತಿದ್ದಿದಾಗ ಸಮೀಕರಣವು (x² − 1)²(x² − 4) = 0 ಆಗಿ, α + 2β ಒಂದು ಮತ್ತು α + β ಎರಡು ಮಟ್ಟಗಳು ತುಂಬಿದವು. ಒಟ್ಟು 6α + 8β. ಮೂರು ಎಥಿಲೀನುಗಳ 6α + 6β ಕಳೆದರೆ 2β.

ಈ 2βಕ್ಕೆ ಕಿಲೊಜೂಲಿನ ಬೆಲೆ ಕೊಡುವಾಗ ಮಾತ್ರ ಎಚ್ಚರ ಬೇಕು. ಸೈಕ್ಲೊಹೆಕ್ಸೀನಿನ ಹೈಡ್ರೋಜನೀಕರಣದಲ್ಲಿ ಮೋಲಿಗೆ ಸುಮಾರು 120 ಕಿಲೊಜೂಲ್ ಹೊರಬರುತ್ತದೆ. ಅದರ ಮೂರರಷ್ಟಾದ 360ಕ್ಕೆ ಬದಲಾಗಿ ಬೆಂಜೀನಿನಲ್ಲಿ ಹೊರಬರುವುದು ಸುಮಾರು 208 ಮಾತ್ರ. ಕೊರತೆಯಾದ 150ರಿಂದ |β| ಸುಮಾರು 75 ಆಗುತ್ತದೆ. ಅದೇ ಬೆಲೆಯನ್ನು ಬ್ಯೂಟಾಡೈಈನಿಗೆ ಹಾಕಿದರೆ 35 ಬರುತ್ತದೆ, ಆದರೆ ಹೈಡ್ರೋಜನೀಕರಣದ ಮಾಪನ ಕೊಡುವುದು 15ರ ಆಸುಪಾಸು. ಎಲ್ಲ ಬಂಧಗಳಿಗೂ ಒಂದೇ β ಹಿಡಿದುದು ಇದಕ್ಕೊಂದು ಕಾರಣ: ಸಮ ಉದ್ದದ ಬಂಧಗಳಿರುವ ಬೆಂಜೀನಿಗೆ ಅದು ಹೊಂದುತ್ತದೆ, ನಡುವಿನ ಬಂಧ ಉದ್ದವಾಗಿರುವ ಬ್ಯೂಟಾಡೈಈನಿಗೆ ಅಷ್ಟಾಗಿ ಹೊಂದುವುದಿಲ್ಲ.