ಅಪ್ಪನನ್ನು ಕಳೆದುಕೊಂಡ ಗೆಳತಿಯ ಜೊತೆಗಿದ್ದ ನನ್ನ ಅನುಭವ

ಕಾರವಾರದ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ. ಹೃದಯಾಘಾತದಿಂದ ತೀರಿಕೊಂಡ ಅಪ್ಪನ ಹದಿಮೂರನೆಯ ದಿನದ ಕಾರ್ಯ ಮುಗಿಸಿ ಅವಳು ಮರಳಿದಾಗ, ಮನಃಶಾಸ್ತ್ರ ಓದುತ್ತಿದ್ದ ನನಗೆ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ವಿವರಿಸಿದ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳು ಬಾಯಿಪಾಠವಾಗಿದ್ದವು. ಆದರೆ ಅವಳು ರಾತ್ರಿ ಎಂಟಕ್ಕೆ ಅಪ್ಪನ ನಂಬರಿಗೆ ಫೋನ್ ಹಚ್ಚುವುದು, ಊಟದ ಹೊತ್ತಿಗೆ ಡಾಕ್ಟರನ್ನು ಬೈಯುವುದು, ಮಲಗುವಾಗ "ಆ ಭಾನುವಾರ ನಾನು ಊರಿಗೆ ಹೋಗಿದ್ದಿದ್ದರೆ" ಎನ್ನುವುದು ಎಲ್ಲವೂ ಒಂದೇ ರಾತ್ರಿಯಲ್ಲಿ ನಡೆಯುತ್ತಿತ್ತು. ಆ ಹಂತಗಳು ಮೂಲತಃ ಸಾವಿನ ಹತ್ತಿರವಿದ್ದ ರೋಗಿಗಳ ಮಾತಿನಿಂದ ಕಂಡುಕೊಂಡವು. ನನ್ನ ಕಿವಿಗೆ ಬಿದ್ದದ್ದು ಏನೆಂದು ಗುರುತಿಸಲು ಅವು ನೆರವಾದವೇ ಹೊರತು, ಮುಂದೆ ಏನು ಮಾಡಬೇಕೆಂದು ತಿಳಿಸಲಿಲ್ಲ.

ಅದಕ್ಕೆ ಉಪಯೋಗಕ್ಕೆ ಬಂದದ್ದು ಮನಃಶಾಸ್ತ್ರಜ್ಞ ವಿಲಿಯಂ ವರ್ಡನ್ 1982ರಲ್ಲಿ ಮಂಡಿಸಿದ, ಶೋಕದಲ್ಲಿರುವವರು ಮಾಡಬೇಕಾದ ನಾಲ್ಕು ಕೆಲಸಗಳು. ಮೊದಲನೆಯದು ಸಾವು ನಿಜವೆಂದು ಒಪ್ಪುವುದು. ಅದಕ್ಕಾಗಿ ಆ ಕೊನೆಯ ದಿನದ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ತಡೆಯದೆ ಕೇಳಿದೆ, ಫೋನ್ ಹಚ್ಚಿದಾಗ ಕಸಿದುಕೊಳ್ಳಲಿಲ್ಲ. ಎರಡನೆಯದು ನೋವನ್ನು ಅನುಭವಿಸುವುದು. "ಅಳಬೇಡ, ಅಮ್ಮನಿಗೆ ನೀನೇ ಧೈರ್ಯ ಹೇಳಬೇಕು" ಎಂದು ಪಕ್ಕದ ರೂಮಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆಗ ಅವಳನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ದು ಅಳಲು ಬಿಡುತ್ತಿದ್ದೆ.

ಹೆಚ್ಚು ಹೊತ್ತು ಹಿಡಿದದ್ದು ಮೂರನೆಯದು, ಅಂದರೆ ಹೋದವರಿಲ್ಲದ ಬದುಕಿಗೆ ಹೊಂದಿಕೊಳ್ಳುವುದು. ಮಳೆಗಾಲ ಹತ್ತಿರವಾಗಿತ್ತು, ಕೊಳೆರೋಗ ಬಾರದಂತೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕಿತ್ತು. "ಕೊನೆಗೌಡನಿಗೆ ಈ ಸಲ ಯಾರು ಹೇಳ್ತಾರೆ?" ಎಂದು ಮರ ಹತ್ತಿ ಮದ್ದು ಹೊಡೆಯುವ ಆಳಿನ ಬಗ್ಗೆ ಅವಳು ಕೇಳಿದ ಪ್ರಶ್ನೆಯಲ್ಲಿ ದುಃಖಕ್ಕಿಂತ ಭಯವೇ ಹೆಚ್ಚಿತ್ತು. ಅಪ್ಪ ನೋಡಿಕೊಳ್ಳುತ್ತಿದ್ದ ಕೆಲಸಗಳನ್ನೆಲ್ಲ ಇಬ್ಬರೂ ಕೂತು ಬರೆದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಿಂದ ಹಿಡಿದು ಬ್ಯಾಂಕಿಗೆ ಕೊಡಬೇಕಾದ ಮರಣ ಪ್ರಮಾಣಪತ್ರದವರೆಗೆ ಪ್ರತಿಯೊಂದರ ಎದುರಿಗೂ ಒಬ್ಬರ ಹೆಸರು ಬಂತು. ಹಾಗೆ ಬರೆದ ಮೇಲೆ ರಾತ್ರಿಯ ಫೋನ್ ತಾನಾಗಿಯೇ ಕಡಿಮೆಯಾಯಿತು. ಅಳುವನ್ನು ಕೇಳುವವರು ಸಿಗುತ್ತಾರೆ, ಇಂಥ ಕಾಗದಪತ್ರಕ್ಕೆ ಜೊತೆಯಾಗುವವರು ಕಡಿಮೆ.

ನಾಲ್ಕನೆಯದು, ವರ್ಡನ್ ಮುಂದೆ ತಿದ್ದಿದ ರೂಪದಲ್ಲಿ, ಹೋದವರೊಡನೆ ನಂಟು ಉಳಿಸಿಕೊಂಡೇ ಮುಂದೆ ಸಾಗುವುದು. ಅಪ್ಪನ ತೋಟದ ಡೈರಿಯಲ್ಲಿ ಅವರು ಬರೆದಿದ್ದ ಹಿಂದಿನ ವರ್ಷದ ತಾರೀಖಿನ ಕೆಳಗೆ ಅವಳು ಆ ವರ್ಷ ಮದ್ದು ಹೊಡೆಸಿದ ತಾರೀಖನ್ನು ಬರೆದಳು. ಈ ನಾಲ್ಕೂ ಒಂದರ ನಂತರ ಒಂದಾಗಿ ಮುಗಿಯಲಿಲ್ಲ. ಡೈರಿ ಬರೆದ ವಾರವೇ ಅವಳು ಮತ್ತೆ ಡಾಕ್ಟರನ್ನು ಬೈದಳು.

ನಾನು ಗಮನಿಸುತ್ತಿದ್ದದ್ದು ನಿದ್ದೆ, ಊಟ, ತರಗತಿ ಇವು ಮೂರನ್ನು. ಆರು ತಿಂಗಳು ದಾಟಿದರೂ ತೀವ್ರ ಹಂಬಲ ಇಳಿಯದೆ ದಿನನಿತ್ಯದ ಬದುಕು ನಿಂತೇ ಹೋದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಅದನ್ನು ದೀರ್ಘಕಾಲದ ಶೋಕದ ಕಾಯಿಲೆ ಎಂದು ಪರಿಗಣಿಸುತ್ತದೆ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಅವಳ ವಿಷಯದಲ್ಲಿ ಅಂಥ ಮಾತು ಬರಲಿಲ್ಲ, ದೀಪಾವಳಿಯ ಹೊತ್ತಿಗೆ ತರಗತಿಗಳಿಗೆ ತಪ್ಪದೆ ಬರತೊಡಗಿದ್ದಳು.