ಎಂಟು ಆಡ್ ಸೆಟ್‌ಗಳನ್ನು ಒಂದಾಗಿಸಿದ ಅನುಭವ

ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಯೊಂದರ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಕ್ಯಾಂಪೇನ್, ಅದರೊಳಗೆ ಆಡ್ ಸೆಟ್, ಅದರೊಳಗೆ ಆಡ್ ಎಂದು ಮೂರು ಹಂತಗಳಿವೆ. ಜಾಹೀರಾತಿನ ಗುರಿ ಏನೆಂಬುದನ್ನು ಕ್ಯಾಂಪೇನ್‌ನಲ್ಲಿಯೂ, ಯಾರಿಗೆ ತೋರಿಸಬೇಕು ಮತ್ತು ಖರೀದಿಯೋ ಬೇರೊಂದೋ ಯಾವ ಕ್ರಿಯೆಯನ್ನು ಹುಡುಕಬೇಕು ಎಂಬುದನ್ನು ಆಡ್ ಸೆಟ್‌ನಲ್ಲಿಯೂ ನಿರ್ಧರಿಸುತ್ತೇವೆ. ಚಿತ್ರ, ವಿಡಿಯೊ, ಬರಹಗಳು ಆಡ್‌ನಲ್ಲಿರುತ್ತವೆ. ಬಜೆಟ್ಟನ್ನು ಮೊದಲೆರಡರಲ್ಲಿ ಎಲ್ಲಿ ಬೇಕಾದರೂ ಇಡಬಹುದು. ನಾನು ಆಡ್ ಸೆಟ್‌ನಲ್ಲಿ ಇಟ್ಟಿದ್ದೆ.

ಆರಂಭದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೊಲ್ಲಾಪುರ ಮೊದಲಾದ ಎಂಟು ಊರುಗಳಿಗೆ ಎಂಟು ಆಡ್ ಸೆಟ್ ಮಾಡಿ, ದಿನದ 2,000 ರೂಪಾಯಿಯನ್ನು ತಲಾ 250ರಂತೆ ಹಂಚಿದ್ದೆ. ಅಚ್ಚುಕಟ್ಟಾಗಿ ಕಾಣುತ್ತಿದ್ದ ಆ ವ್ಯವಸ್ಥೆಯಲ್ಲಿ ಒಂದು ದಿನ ಮೂರು ಆರ್ಡರ್ ಬಂದ ಊರಿನಿಂದ ಮರುವಾರವೆಲ್ಲ ಒಂದೂ ಬರುತ್ತಿರಲಿಲ್ಲ, ಮತ್ತು ಜಾಹೀರಾತು ನಿರ್ವಹಿಸುವ ಪುಟದ Delivery ಕಾಲಂನಲ್ಲಿ ಎಲ್ಲ ಸಾಲುಗಳೂ Learning limited, ಅಂದರೆ ಕಲಿಕೆಗೆ ಸಾಕಷ್ಟು ಫಲಿತಾಂಶ ಸಿಗುತ್ತಿಲ್ಲ ಎಂದೇ ತೋರಿಸುತ್ತಿದ್ದವು.

ಕಾರಣ ಸರಳವಾದ ಲೆಕ್ಕದಲ್ಲಿತ್ತು. ಯಾರು ಕೊಳ್ಳಬಹುದೆಂಬುದನ್ನು ಫೇಸ್‌ಬುಕ್‌ನ ವ್ಯವಸ್ಥೆ ಬಂದ ಖರೀದಿಗಳಿಂದಲೇ ಕಲಿಯುತ್ತದೆ; ಆ ಅಂದಾಜು ಸ್ಥಿರವಾಗಲು ಒಂದೊಂದು ಆಡ್ ಸೆಟ್‌ಗೂ ವಾರದಲ್ಲಿ ಸುಮಾರು 50 ಖರೀದಿಗಳು ಬೇಕು. ನಮಗೆ ಒಂದು ಖರೀದಿಗೆ ಸುಮಾರು 400 ರೂಪಾಯಿ ಜಾಹೀರಾತು ವೆಚ್ಚವಾಗುತ್ತಿದ್ದುದರಿಂದ ವಾರದ 14,000 ರೂಪಾಯಿಗೆ ಒಟ್ಟು 35 ಖರೀದಿಗಳು ಬರುತ್ತಿದ್ದವು. ಎಂಟಕ್ಕೆ ಹಂಚಿದರೆ ತಲಾ ನಾಲ್ಕು. ಎಷ್ಟು ವಾರ ಕಾದಿದ್ದರೂ ಅವು ಕಲಿಕೆಯ ಹಂತ ದಾಟುತ್ತಿರಲಿಲ್ಲ.

ಎಲ್ಲವನ್ನೂ ಒಂದುಗೂಡಿಸಿದರೂ 35 ಸಾಲದು. ಖರೀದಿಯ ಬದಲು ಕಾರ್ಟ್‌ಗೆ ಸೇರಿಸುವುದನ್ನು ಗುರಿಯಾಗಿಸಿದ್ದರೆ 50ರ ಸಂಖ್ಯೆ ಸುಲಭವಾಗಿ ಸಿಗುತ್ತಿತ್ತಾದರೂ, ಕಾರ್ಟ್‌ಗೆ ಹಾಕಿ ಹಾಗೆಯೇ ಬಿಟ್ಟುಹೋಗುವವರನ್ನೇ ಅದು ಹುಡುಕಿ ತರುವ ಭಯ ನನಗಿತ್ತು. ಆದ್ದರಿಂದ ಅಂಗಡಿಯ ಮಾಲೀಕರನ್ನು ಒಪ್ಪಿಸಿ ದಿನದ ಬಜೆಟ್ಟನ್ನು 3,000ಕ್ಕೆ ಏರಿಸಿ, ಎಂಟೂ ಊರುಗಳನ್ನು ಒಳಗೊಂಡ ಹೊಸದೊಂದು ಆಡ್ ಸೆಟ್ ತೆರೆದು, ಅದರಲ್ಲಿ ನಾಲ್ಕು ಆಡ್‌ಗಳನ್ನು ಇಟ್ಟೆ.

ನಾಲ್ಕನೆಯ ದಿನ ಮತ್ತೊಂದು ತಪ್ಪು ಮಾಡಿದೆ. ಮಾರಾಟ ಕಡಿಮೆಯಾಯಿತೆಂದು ಒಂದು ಆಡ್‌ನ ಚಿತ್ರವನ್ನು ಬದಲಿಸಿದ್ದರಿಂದ ಕಲಿಕೆ ಮತ್ತೆ ಮೊದಲಿನಿಂದ ಆರಂಭವಾಯಿತು. ಹೊಸ ಆಡ್ ಸೇರಿಸಿದರೂ, ನೋಡುವವರ ಆಯ್ಕೆ ಬದಲಿಸಿದರೂ, ಏಳು ದಿನ ನಿಲ್ಲಿಸಿಟ್ಟು ಮತ್ತೆ ಚಾಲೂ ಮಾಡಿದರೂ ಹೀಗೆಯೇ ಆಗುತ್ತದೆ. ಆ ಬಳಿಕ ನಾನು ಏನನ್ನೂ ಮುಟ್ಟಲಿಲ್ಲ. ಒಂಬತ್ತನೆಯ ದಿನ Learning ಪದ ಹೋಗಿ Active ಎಂದಾಯಿತು. ದಿನದಿಂದ ದಿನಕ್ಕೆ ವೆಚ್ಚದ ಏರಿಳಿತ ಕಡಿಮೆಯಾಯಿತು, ಖರೀದಿಯೊಂದರ ವೆಚ್ಚ 340ರ ಆಸುಪಾಸಿಗೆ ಇಳಿಯಿತು. ಈಗ ಬದಲಾವಣೆಗಳನ್ನೆಲ್ಲ ಕೂಡಿಟ್ಟು ಎರಡು ವಾರಕ್ಕೊಮ್ಮೆ ಒಟ್ಟಿಗೆ ಮಾಡುತ್ತೇನೆ.

“ಯಾವ ಊರು ಹೆಚ್ಚು ಕೊಳ್ಳುತ್ತದೆ ಅಂತ ಇನ್ನು ಹೇಗೆ ಗೊತ್ತಾಗುತ್ತೆ?” ಎಂದು ಮಾಲೀಕರು ಕೇಳಿದರು. ಆರ್ಡರ್‌ಗಳ ವಿಳಾಸಗಳೇ ಅದನ್ನು ಹೇಳುತ್ತವೆ. ಗುರಿಯೇ ಬೇರೆಯಾದಾಗ ಮಾತ್ರ ನಾನು ಬೇರೆ ಕ್ಯಾಂಪೇನ್ ತೆರೆಯುತ್ತೇನೆ; ಸಗಟು ವ್ಯಾಪಾರಿಗಳಿಂದ ವಾಟ್ಸಾಪ್ ಸಂದೇಶ ಪಡೆಯಲು ತೆರೆದದ್ದು ನಮ್ಮಲ್ಲಿರುವ ಅಂಥ ಒಂದೇ ಒಂದು ಕ್ಯಾಂಪೇನ್.